ವೆಬಿನಾರ್ ಕ್ಯಾರೊಸೆಲ್: ಮೊದಲ ಸ್ಲೈಡಿಗಿಂತ ಕೊನೆಯದರ ಕಡೆ ಜಾಸ್ತಿ ಗಮನ ಇರಲಿ

ಮಂಡ್ಯದ ಆಲೆಮನೆಯವರಿಗೆ ಬೆಲ್ಲದ ಪ್ಯಾಕಿಂಗ್ ಬಗ್ಗೆ ವೆಬಿನಾರ್ ಇದೆ ಅಂದುಕೊಳ್ಳಿ. ಇನ್‌ಸ್ಟಾಗ್ರಾಂ ಕ್ಯಾರೊಸೆಲ್‌ನ ಮೊದಲ ಸ್ಲೈಡಿನಲ್ಲೇ ‘ಸ್ವಂತ ಹೆಸರಲ್ಲಿ ಬೆಲ್ಲ ಮಾರಬೇಕು ಅಂತಿರುವ ಆಲೆಮನೆಯವರಿಗೆ’ ಅಂತ ದಪ್ಪಕ್ಷರದಲ್ಲಿ ಹಾಕಿ. ಲೋಗೊ, ಅತಿಥಿಯ ಫೋಟೊ ಆಮೇಲೆ ಬರಲಿ. ಎರಡನೆಯದರಲ್ಲಿ ‘ಲೇಬಲ್ ಮೇಲೆ ಏನೇನು ಇರಬೇಕು, ತೇವ ತಗಲದಂತೆ ಹೇಗೆ ಕಟ್ಟಬೇಕು’ ಅಂತ ಬಿಡಿಸಿ ಹೇಳಿ. ಸುಮ್ನೆ ‘ಮಾರ್ಕೆಟಿಂಗ್ ಮಾಹಿತಿ’ ಅಂದರೆ ಏನೂ ತಿಳಿಯಲ್ಲ.

ಜನ ಕೈತಪ್ಪುವುದು ನೋಂದಣಿಯಲ್ಲಿ. ಕ್ಯಾಪ್ಷನ್‌ನಲ್ಲಿರುವ ಲಿಂಕ್ ಒತ್ತಿದರೆ ತೆರೆಯಲ್ಲ. ಕ್ಯೂಆರ್ ಕೋಡ್ ಹಾಕಿದರೆ, ಫೋನಿನಲ್ಲೇ ನೋಡುತ್ತಿರುವವರು ಅದೇ ಫೋನಿಂದ ಸ್ಕ್ಯಾನ್ ಮಾಡುವುದು ಕಷ್ಟ ಅಲ್ವಾ? ಲಿಂಕನ್ನು ಬಯೋದಲ್ಲಿಟ್ಟು, ಕೊನೆಯ ಸ್ಲೈಡಿನಲ್ಲಿ ‘ಬಯೋದಲ್ಲಿರುವ ಲಿಂಕ್ ಒತ್ತಿ’ ಅಂತ ಬರೆಯಿರಿ. ವಿಷಯ, ದಿನ, ಸಮಯ, ಶುಲ್ಕ ಕೂಡ ಅಲ್ಲೇ ಇರಲಿ. ಆ ಒಂದು ಸ್ಲೈಡನ್ನೇ ವಾಟ್ಸಾಪ್ ಗುಂಪಿಗೆ ಕಳಿಸುವವರಿದ್ದಾರೆ. ಅಲ್ಲಿಗೆ ನೀವೇ ಕಳಿಸುವುದಾದರೆ ಚಿತ್ರದ ಕೆಳಗೆ ಲಿಂಕ್ ಅಂಟಿಸಿ, ಅಲ್ಲಿ ಒತ್ತಿದರೆ ತೆರೆಯುತ್ತದೆ.