ರಾತ್ರಿ ಎರಡು ಗಂಟೆಗೆ ಕೂಗುವ ಮುದಿ ಬೆಕ್ಕು: ಮನೆಯಲ್ಲಿ ಏನು ಮಾಡ್ಬೇಕು, ಹೇಗೆ ಮಾಡ್ಬೇಕು

ನಮ್ಮ ಕೆಂಪಿಗೆ ಈಗ 17 ವರ್ಷ, ಮನುಷ್ಯರ ಲೆಕ್ಕದಲ್ಲಿ 84ರ ಹತ್ತಿರದ ಅಜ್ಜಿ. ಬದಿಯಡ್ಕದಿಂದ ಸ್ವಲ್ಪ ಒಳಗೆ ತೋಟದ ಮನೆ ನಮ್ಮದು, ಕಳೆದ ಮಳೆಗಾಲದಲ್ಲಿ ಒಂದು ರಾತ್ರಿ ಒಂದೂವರೆಗೆ ಚಾವಡಿಯಿಂದ ಕೂಗು ಶುರುವಾಯ್ತು. ಹಸಿವಿನ ಮಿಯಾಂವ್ ಅಲ್ಲ, ಗಂಡುಬೆಕ್ಕುಗಳ ಜಗಳದ ಸ್ವರವೂ ಅಲ್ಲ, ಉದ್ದಕ್ಕೆ ಎಳೆದು ಎಳೆದು ಯಾರನ್ನೋ ಕರೆದ ಹಾಗೆ. ಓಡಿ ಹೋಗಿ ಲೈಟ್ ಹಾಕಿದ್ರೆ ಕಪಾಟಿಗೂ ಗೋಡೆಗೂ ಮಧ್ಯದ ಸಂದಿಯಲ್ಲಿ ಮುಖ ಹಾಕಿ ನಿಂತಿದ್ದಾಳೆ, ಹಿಂದೆ ತಿರುಗಿ ಬರ್ಲಿಕ್ಕೆ ದಾರಿ ಗೊತ್ತಾಗ್ತಾ ಇಲ್ಲ. ಎಷ್ಟೋ ವರ್ಷ ಅದೇ ಕಪಾಟಿನ ಮೇಲೆ ಹತ್ತಿ ಮಲಗಿದವಳು.

"ಬೆಕ್ಕು ರಾತ್ರಿ ಅತ್ರೆ ಒಳ್ಳೇದಲ್ಲ, ಅದನ್ನು ಹೊರಗೆ ಹಾಕಿ" ಅಂತ ಪಕ್ಕದ ಮನೆಯವರು ಹೇಳಿದ್ರು. ದಯವಿಟ್ಟು ಯಾರೂ ಹಾಗೆ ಮಾಡ್ಬೇಡಿ. ಇದು ಶಕುನದ ವಿಷಯ ಅಲ್ಲ, ಮೆದುಳಿನ ವಿಷಯ. ಮನುಷ್ಯರಿಗೆ ಅಲ್ಝೈಮರ್ ಬಂದಾಗ ಮೆದುಳಿನಲ್ಲಿ ಯಾವ ಪ್ರೋಟೀನ್ ಕಟ್ಟಿಕೊಳ್ತದೋ ಅದೇ ಅಮೈಲಾಯ್ಡ್ ಮುದಿ ಬೆಕ್ಕಿನ ಮೆದುಳಿನಲ್ಲೂ ಕಂಡುಬಂದಿದೆ. ಹದಿನೈದು ದಾಟಿದ ಬೆಕ್ಕುಗಳಲ್ಲಿ ಸುಮಾರು ಅರ್ಧಕ್ಕೆ ಇಂಥ ಲಕ್ಷಣ ಒಂದಾದ್ರೂ ಇರ್ತದೆ. ಹಗಲು ರಾತ್ರಿ ತಿರುವುಮುರುವು ಆಗ್ತದೆ, ಗೊತ್ತಿದ್ದ ಜಾಗದಲ್ಲೇ ದಾರಿ ತಪ್ತದೆ, ಮನೆಯೊಳಗೆ ಉಚ್ಚೆ ಮಾಡ್ತದೆ, ಕೆಲವು ಯಾವಾಗ್ಲೂ ಮೈಗೆ ಅಂಟಿಕೊಂಡಿರ್ತವೆ, ಕೆಲವು ಮುಟ್ಟಿದ್ರೆ ದೂರ ಹೋಗ್ತವೆ.

ಆದ್ರೆ "ಪ್ರಾಯ ಆಯ್ತು, ಮರೆವು" ಅಂತ ನಾವೇ ತೀರ್ಮಾನ ಮಾಡಿ ಬಿಡುವುದು ದೊಡ್ಡ ತಪ್ಪು. ಮರೆವಿನ ಕಾಯಿಲೆಗೆ ಅಂತ ಒಂದು ರಕ್ತ ಪರೀಕ್ಷೆ ಇಲ್ಲ. ಬೇರೆ ಕಾರಣ ಒಂದೊಂದಾಗಿ ಇಲ್ಲ ಅಂತ ಆದ ಮೇಲೆ ಉಳಿಯುವುದು ಅದು.

ಮೊದಲು ಹತ್ತು ರಾತ್ರಿ ಬರೆದಿಡಿ

ಒಂದು ಹಳೆ ನೋಟ್‌ಬುಕ್ ಸಾಕು. ಎಷ್ಟು ಗಂಟೆಗೆ ಕೂಗಿತು, ಎಲ್ಲಿ ನಿಂತಿತ್ತು, ನಾವು ಹೋದಾಗ ಏನು ಮಾಡಿತು, ಕೊನೆಗೆ ತಿಂದದ್ದು ಎಷ್ಟು ಹೊತ್ತಿಗೆ. ಒಂದೆರಡು ಸಲ ಮೊಬೈಲಿನಲ್ಲಿ ವಿಡಿಯೋ ತೆಗೀರಿ, ಡಾಕ್ಟರ ಎದುರು ಬೆಕ್ಕು ಖಂಡಿತ ಕೂಗುವುದಿಲ್ಲ.

ಬರೆದಿಡುವಾಗ ಮುಖ್ಯವಾಗಿ ನೋಡ್ಬೇಕಾದ್ದು ನಾವು ಹತ್ತಿರ ಹೋದ ಮೇಲಿನ ಒಂದು ನಿಮಿಷ. ನಮ್ಮನ್ನು ನೋಡಿದ ಕೂಡ್ಲೇ ತಟ್ಟೆಯ ಕಡೆಗೆ ನಡೆದ್ರೆ ಅದು ಹಸಿವು ಅಥವಾ ಅಭ್ಯಾಸ. ನಾವು ಮಾತಾಡಿಸಿದ್ರೂ ಎಲ್ಲಿದ್ದೇನೆ ಅಂತ ಗೊತ್ತಾಗದೆ ನಿಂತಲ್ಲೇ ನಿಂತ್ರೆ, ಅಥವಾ ಮುಟ್ಟಿದ ಮೇಲೆಯೇ ಸಮಾಧಾನ ಆದ್ರೆ ಅದು ಗೊಂದಲ. ಹಾರುವಾಗ ಹಿಂಜರಿದು ಕೂಗಿದ್ರೆ ನೋವು ಇರಬಹುದು. ಕೆಂಪಿ ಹತ್ತರಲ್ಲಿ ಒಂಬತ್ತು ರಾತ್ರಿ ಕೂಗಿದ್ಲು, ಏಳು ಸಲ ಆ ಕಪಾಟಿನ ಮೂಲೆಯಲ್ಲೇ, ಹೆಚ್ಚಾಗಿ ಒಂದೂವರೆಯಿಂದ ಮೂರೂವರೆ ಒಳಗೆ. ಇನ್ನೊಂದು ವಿಷಯ ಬರೆದ ಮೇಲೆಯೇ ನಮ್ಮ ಕಣ್ಣಿಗೆ ಬಿದ್ದದ್ದು, ಕರೆಂಟು ಹೋದ ರಾತ್ರಿ ಕೂಗು ಅರ್ಧ ಗಂಟೆ ಜಾಸ್ತಿ ಇತ್ತು.

ಕಿವಿಯನ್ನೂ ಮನೆಯಲ್ಲೇ ನೋಡಿ. ಬೆಕ್ಕಿಗೆ ಕಾಣದ ಹಾಗೆ, ಗಾಳಿ ತಾಗದಷ್ಟು ದೂರದಲ್ಲಿ ಹಿಂದೆ ನಿಂತು ಚಪ್ಪಾಳೆ ತಟ್ಟಿ, ಕಿವಿ ಅಲುಗದಿದ್ರೆ ಕಿವಿ ಮಂದ ಆಗಿದೆ ಅಂತ ಸಂಶಯ ಪಡ್ಬೇಕು. ತನ್ನ ಸ್ವರ ತನಗೇ ಕೇಳದ ಬೆಕ್ಕು ಇನ್ನೂ ಜೋರಾಗಿ ಕೂಗ್ತದೆ.

ಆಮೇಲೆ ಡಾಕ್ಟರ ಹತ್ತಿರ, ಕೇಳ್ಬೇಕಾದ್ದು ಕೇಳಿಯೇ ಬನ್ನಿ

ನಮ್ಮ ಕಡೆ ಮೃಗಾಸ್ಪತ್ರೆಗೆ ಹೆಚ್ಚಾಗಿ ಬರುವುದು ದನ, ಆಡು, ಕೋಳಿ. ಬೆಕ್ಕಿನ ಬಿಪಿ ನೋಡುವ ಮೆಷಿನ್ ಎಲ್ಲ ಕಡೆ ಇರುವುದಿಲ್ಲ, ಹಾಗಾಗಿ ಮೊದಲೇ ಫೋನ್ ಮಾಡಿ ಕೇಳಿ, ಇಲ್ಲದಿದ್ರೆ ನಮ್ಮ ಹಾಗೆ ಮಂಗಳೂರಿಗೆ ಹೋಗ್ಬೇಕಾಗ್ತದೆ. ಮುದಿ ಬೆಕ್ಕಿನ ರಾತ್ರಿ ಕೂಗಿಗೆ ಮುಖ್ಯವಾಗಿ ನೋಡ್ಬೇಕಾದ್ದು ನಾಲ್ಕು: ಥೈರಾಯ್ಡ್ (ಬೆಕ್ಕಿಗೆ ಅದು ಜಾಸ್ತಿ ಆಗ್ತದೆ, ತುಂಬ ತಿಂದ್ರೂ ಮೈ ಇಳೀತದೆ), ಕಿಡ್ನಿ, ಬಿಪಿ, ಮತ್ತೆ ಗಂಟುನೋವು. 12 ದಾಟಿದ ಬೆಕ್ಕುಗಳ ಎಕ್ಸ್‌ರೇ ತೆಗೆದ್ರೆ ಹತ್ತರಲ್ಲಿ ಒಂಬತ್ತಕ್ಕೆ ಗಂಟುಗಳಲ್ಲಿ ಸವೆತ ಕಾಣ್ತದೆ, ಆದ್ರೆ ಬೆಕ್ಕು ಕುಂಟುವುದು ಕಡಿಮೆ, ಹಾರುವುದನ್ನು ಸುಮ್ಮನೆ ನಿಲ್ಲಿಸಿಬಿಡ್ತದೆ.

ಬಿಪಿ ವಿಷಯದಲ್ಲಿ ಸ್ವಲ್ಪ ಹಠ ಮಾಡಿ. ಕೆಂಪಿಗೆ ಮೊದಲ ಸಲ ನೋಡಿದಾಗ 185 ಬಂತು, ನನ್ನ ಎದೆ ಧಸಕ್ ಅಂತು. ಡಾಕ್ಟ್ರು "ಇದು ಕಾರಿನಲ್ಲಿ ಬಂದ ಹೆದರಿಕೆಯ ನಂಬರ್ ಇರಬಹುದು, ಕಾಯುವ" ಅಂತ ಹೇಳಿ ಅವಳದ್ದೇ ಹಳೆ ಸೀರೆಯ ತುಂಡು ಹೊದೆಸಿ ಕತ್ತಲೆ ಕೋಣೆಯಲ್ಲಿ ಹದಿನೈದು ನಿಮಿಷ ಬಿಟ್ರು. ಮತ್ತೆ ನಾಲ್ಕೈದು ಸಲ ನೋಡಿದಾಗ 150ರ ಆಸುಪಾಸು. ಸಮಾಧಾನದಲ್ಲಿ ಇದ್ದೂ 160 ದಾಟಿದ್ರೆ ಚಿಂತೆಯ ವಿಷಯ, ಅದಕ್ಕೆ ಮಾತ್ರೆ ಉಂಟು, ಬಿಪಿ ಇಳಿದ ಕೂಡ್ಲೇ ಕೂಗು ನಿಂತುಹೋದ ಬೆಕ್ಕುಗಳೂ ಇವೆ. ಬೆಳಕಿನಲ್ಲೂ ಕಣ್ಣಿನ ಕಪ್ಪು ದೊಡ್ಡದಾಗಿಯೇ ಇದ್ದು ಬೆಕ್ಕು ಎಲ್ಲದಕ್ಕೂ ಢಿಕ್ಕಿ ಹೊಡೀತಾ ಇದ್ರೆ ಅದು ಬಿಪಿಯಿಂದ ಕಣ್ಣು ಹೋದದ್ದಿರಬಹುದು, ನಾಳೆ ಅಂತ ಕಾಯ್ಬೇಡಿ, ಅದೇ ದಿನ ತೋರಿಸ್ಬೇಕು.

ಕೆಂಪಿಯ ಥೈರಾಯ್ಡ್ ಸರಿ ಇತ್ತು. ಕಿಡ್ನಿ ಸ್ವಲ್ಪ ಸೋತಿತ್ತು, ಕ್ರಿಯಾಟಿನಿನ್ 1.9. ಹಿಂದಿನ ಕಾಲಿನ ಗಂಟು ಮುಟ್ಟಿದಾಗ ಎಳೆದುಕೊಂಡ್ಲು. ನೋವಿಗೆ ಅವಳ ಕಿಡ್ನಿ ನೋಡಿಕೊಂಡು ಔಷಧಿ ಕೊಟ್ರು, ಹಾರುವ ಜಾಗಕ್ಕೆ ಮೆಟ್ಟಿಲು ಮಾಡಿದೆವು, ಕೂಗು ಸ್ವಲ್ಪ ಕಡಿಮೆ ಆಯ್ತು, ಆದ್ರೆ ಮೂಲೆಯಲ್ಲಿ ಸಿಕ್ಕಿಕೊಳ್ಳುವುದು ನಿಲ್ಲಲಿಲ್ಲ. ಅಲ್ಲಿಗೆ ಮರೆವು ಅಂತ ತೀರ್ಮಾನ ಆಯ್ತು.

ರಾತ್ರಿಗೆ ಒಂದು ಸಣ್ಣ ಲೋಕ ಮಾಡಿಕೊಡುವುದು

ಇಡೀ ಮನೆ ಅವಳಿಗೆ ಈಗ ತುಂಬ ದೊಡ್ಡದು. ಹಾಗಾಗಿ ಅಡಿಗೆಮನೆ ಪಕ್ಕದ ಉಗ್ರಾಣದ ಕೋಣೆಯನ್ನು ಖಾಲಿ ಮಾಡಿ ಅವಳಿಗೆ ಕೊಟ್ಟೆವು. ಮಲಗುವ ಜಾಗ, ನೀರು, ತಟ್ಟೆ, ಉಚ್ಚೆಯ ಜಾಗ ಎಲ್ಲ ನಾಲ್ಕು ಹೆಜ್ಜೆಯ ಒಳಗೆ, ಆದ್ರೆ ಊಟ ಒಂದು ಬದಿ, ಹೊಯಿಗೆ ಇನ್ನೊಂದು ಬದಿ. ಮುಖ ಹಾಕಿ ಸಿಕ್ಕಿಕೊಳ್ಳುವ ಸಂದಿಗಳಿಗೆಲ್ಲ ದಿಂಬು ಅಥವಾ ಹಲಗೆ ತುರುಕಿ ಮುಚ್ಚಿ. ಮುಸ್ಸಂಜೆ ಆದ ಮೇಲೆ ಹೊರಗೆ ಬಿಡುವುದೇ ಬೇಡ, ನಮ್ಮ ಕಡೆ ಕಟ್ಟೆ ಇಲ್ಲದ ಬಾವಿ, ತೋಟದ ಕೆರೆ ಎಷ್ಟು ಉಂಟು, ದಾರಿ ತಪ್ಪಿದ ಮುದಿ ಬೆಕ್ಕಿಗೆ ನಾಯಿಗಿಂತ ದೊಡ್ಡ ಅಪಾಯ ಅದೇ.

ಬೆಳಕು ಬೇಕೇ ಬೇಕು. ಜೀರೋ ಬಲ್ಬ್ ಸಾಕು, ಆದ್ರೆ ಮಳೆಗಾಲದಲ್ಲಿ ಕರೆಂಟು ಹೋದ ಕೂಡ್ಲೇ ಅದೂ ಹೋಗ್ತದೆ, ಆದ್ದರಿಂದ ಚಾರ್ಜ್ ಆಗುವ ಸಣ್ಣ ಲ್ಯಾಂಪ್ ಒಂದು ಕೆಳಗೆ, ನೆಲದಿಂದ ಒಂದಡಿ ಎತ್ತರದಲ್ಲಿ ಇಡಿ.

ಉಚ್ಚೆಯ ಜಾಗಕ್ಕೆ ಅಂಗಡಿಯ ಎತ್ತರದ ಟ್ರೇ ತಂದು ನಾವು ಸೋತೆವು, ಗಂಟುನೋವಿನವಳಿಗೆ ಅದರ ಅಂಚು ದಾಟ್ಲಿಕ್ಕೆ ಆಗಲಿಲ್ಲ. ಕೊನೆಗೆ ಅಮ್ಮ ಅಡಿಕೆ ಹಾಳೆಯನ್ನು ಎರಡೂ ಬದಿ ಮಡಚಿ ಕಟ್ಟಿ, ಅದರಲ್ಲಿ ಹೊಯಿಗೆ ತುಂಬಿಸಿ ಇಟ್ರು. ಅಂಚು ಎರಡೇ ಇಂಚು, ಹೊಯಿಗೆ ತೋಟದ್ದೇ, ಅವಳಿಗೆ ಗೊತ್ತಿದ್ದ ವಾಸನೆ. ಹಾಳೆ ಒದ್ದೆಯಾಗಿ ಮೆತ್ತಗೆ ಆಗ್ತದೆ, ಎರಡು ದಿನಕ್ಕೊಮ್ಮೆ ಬಿಸಾಡಿ ಹೊಸದು ಹಾಕ್ತೇವೆ. ಅಡಿಯಲ್ಲಿ ಹಳೆ ಗೋಣಿ ಹಾಸಿ, ಅಂಚು ತಪ್ಪಿ ಹೊರಗೆ ಮಾಡಿದ್ರೂ ತೊಂದ್ರೆ ಇಲ್ಲ.

ವಾಸನೆಯ ಬಗ್ಗೆ ಇನ್ನೊಂದು ಮಾತು. ಹಾಸಿಗೆ ಬಟ್ಟೆ ಎಲ್ಲ ಒಟ್ಟಿಗೆ ಒಗೀಬೇಡಿ, ಒಂದು ಒಗೆದ್ರೆ ಒಂದು ಹಾಗೆಯೇ ಇರಲಿ. ಕಣ್ಣು ಕಿವಿ ಸೋತ ಬೆಕ್ಕಿಗೆ ಮೂಗೇ ದಾರಿ ತೋರಿಸುವುದು. ನೆಲಕ್ಕೆ ಘಾಟಿನ ಫಿನಾಯಿಲ್ ಬೇಡ, ಬೆಕ್ಕಿಗೆ ಅದು ವಿಷ ಕೂಡ. ಸೋಪು ನೀರು ಸಾಕು.

ಹಗಲು ಎಬ್ಬಿಸಿ, ರಾತ್ರಿ ತಡವಾಗಿ ಉಣ್ಣಿಸಿ

ಬೆಳಿಗ್ಗೆ ಜಗಲಿಯ ಬಿಸಿಲಿನಲ್ಲಿ ಅರ್ಧ ಗಂಟೆ, ಸಂಜೆ ಆರಕ್ಕೆ ಐದು ನಿಮಿಷ ಹಗ್ಗದ ತುಂಡು ನೆಲದಲ್ಲಿ ಎಳೆದು ಆಟ. ಹಾರಿಸುವುದು ಬೇಡ, ಕೂತಲ್ಲೇ ಕೈ ಹಾಕಿದ್ರೂ ಸಾಕು. ಊಟವನ್ನು ನಾಲ್ಕು ಪಾಲು ಮಾಡಿ ಕೊನೆಯ ಪಾಲನ್ನು ನಾವು ಮಲಗುವ ಮೊದಲು, ಹತ್ತು ಗಂಟೆಗೆ ಕೊಡ್ತೇವೆ. ಒಣಮೀನು ಬೇಡವೇ ಬೇಡ, ಕಿಡ್ನಿ ಸೋತ ಬೆಕ್ಕಿಗೆ ಅಷ್ಟು ಉಪ್ಪು ಆಗುವುದಿಲ್ಲ.

ಕೂಗಿದಾಗ ಗದರಿಸ್ಬೇಡಿ, ಹೆದರಿಕೆ ಹೆಚ್ಚಾದ್ರೆ ಕೂಗೂ ಹೆಚ್ಚಾಗ್ತದೆ. ಎದುರಿನಿಂದ ಹೋಗಿ, ಮೊದಲು ಹಾಸಿಗೆಯನ್ನು ಮೆಲ್ಲ ತಟ್ಟಿ, ಆಮೇಲೆ ಮೈ ಮುಟ್ಟಿ, ಎರಡು ನಿಮಿಷ ಸವರಿ ಜಾಗಕ್ಕೆ ತಂದು ಮಲಗಿಸಿ ಬನ್ನಿ. ಪ್ರತಿ ಸಲ ತಿಂಡಿ ಹಿಡ್ಕೊಂಡು ಹೋದ್ರೆ ಮಾತ್ರ ಹೊಸ ಅಭ್ಯಾಸ ಒಂದು ಬೆಳೀತದೆ.

ಔಷಧಿ

ಬೆಕ್ಕಿನ ಮರೆವಿಗೇ ಅಂತ ಒಪ್ಪಿಗೆ ಪಡೆದ ಔಷಧಿ ಇಲ್ಲ. ನಾಯಿಗಳಿಗೆ ಕೊಡುವ ಸೆಲೆಜಿಲಿನ್ ಅನ್ನು ಕೆಲವು ಡಾಕ್ಟ್ರು ಬೆಕ್ಕಿಗೂ ಬರೀತಾರೆ, ಪರಿಣಾಮ ನೋಡ್ಲಿಕ್ಕೆ ವಾರಗಟ್ಟಲೆ ಕಾಯ್ಬೇಕು. ಗಾಬರಿ, ನೋವು ಎರಡೂ ಇದ್ರೆ ರಾತ್ರಿಗೆ ಗ್ಯಾಬಾಪೆಂಟಿನ್ ಕೊಡುವುದುಂಟು, ನಡೆಯುವಾಗ ತೂರಾಡಿದ್ರೆ ಡೋಸ್ ಜಾಸ್ತಿ ಅಂತ ಫೋನ್ ಮಾಡಿ ತಿಳಿಸಿ.

ಮನೆಯ ಡಬ್ಬಿಯಿಂದ ಏನೂ ತೆಗೆದು ಕೊಡ್ಬೇಡಿ. ಪ್ಯಾರಾಸಿಟಮಾಲ್ ಅರ್ಧ ಮಾತ್ರೆ ಸಾಕು ಬೆಕ್ಕು ಸಾಯ್ಲಿಕ್ಕೆ, ಅದನ್ನು ಕರಗಿಸುವ ಶಕ್ತಿ ಅದರ ಲಿವರಿಗೆ ಇಲ್ಲ. ನಾಯಿಯ ನೆನಪಿನ ಶಕ್ತಿಗೆ ಅಂತ ಬರುವ ಮಾತ್ರೆಗಳಲ್ಲಿ ಆಲ್ಫಾ ಲಿಪೋಯಿಕ್ ಆಸಿಡ್ ಇದೆಯಾ ಅಂತ ಲೇಬಲ್ ಓದಿ, ಅದೂ ಬೆಕ್ಕಿಗೆ ವಿಷ.

ಎರಡು ತಿಂಗಳಾದ ಮೇಲೆ ಪುನಃ ಹತ್ತು ರಾತ್ರಿ ಬರೆದೆವು, ಕೂಗಿದ್ದು ನಾಲ್ಕು ರಾತ್ರಿ, ಅದೂ ಹತ್ತು ನಿಮಿಷದ ಒಳಗೆ. ದೀಪಾವಳಿಗೆ ತಮ್ಮ ಬಂದವನು ಗೊತ್ತಿಲ್ಲದೆ ಅವಳ ಕೋಣೆಯ ಬೆಂಚು ಆಚೆ ಬದಿಗೆ ಸರಿಸಿದ, ಮೂರು ರಾತ್ರಿ ಪುನಃ ಮೊದಲಿನ ಹಾಗೆಯೇ ಆಯ್ತು. ಬೆಂಚನ್ನು ಇದ್ದಲ್ಲಿಗೇ ತಂದ ಮೇಲೆ ಇಳಿಯಿತು. ಈ ಕಾಯಿಲೆ ಹಿಂದೆ ಹೋಗುವುದಿಲ್ಲ ಅಂತ ಡಾಕ್ಟ್ರು ಮೊದಲೇ ಹೇಳಿದ್ದಾರೆ, ಆರು ತಿಂಗಳಿಗೊಮ್ಮೆ ಬಿಪಿ, ಕಿಡ್ನಿ, ತೂಕ ನೋಡ್ಬೇಕು. ತಿನ್ನುವುದು ಬಿಟ್ರೆ, ನಮ್ಮ ಕೈ ಮುಟ್ಟಿದ್ರೂ ಸಮಾಧಾನ ಆಗದಿದ್ರೆ, ಒಳ್ಳೆ ದಿನಕ್ಕಿಂತ ಕೆಟ್ಟ ದಿನ ಜಾಸ್ತಿ ಆದ್ರೆ, ನೋವಿಲ್ಲದೆ ಕಳಿಸಿಕೊಡುವ ಬಗ್ಗೆ ಅವರ ಹತ್ತಿರ ಮಾತಾಡ್ಬೇಕು ಅಂತ ಮನೆಯಲ್ಲಿ ಎಲ್ಲರೂ ಕೂತು ಒಪ್ಪಿಕೊಂಡಿದ್ದೇವೆ, ನೋಟ್‌ಬುಕ್ಕಿನಲ್ಲಿ ಈಗ ಪ್ರತಿ ದಿನಕ್ಕೆ ಒಂದು ಟಿಕ್ ಅಥವಾ ಒಂದು ಗೆರೆ ಹಾಕ್ತಾ ಇದ್ದೇವೆ. ಈ ತಿಂಗಳಲ್ಲಿ ಇಲ್ಲಿವರೆಗೆ ಟಿಕ್ 19, ಗೆರೆ 4.