ಟೈರು ಹುಟ್ಟಿದ ವಾರ ಯಾವುದು? ಫೋಟೊ ನೋಡಿಯೇ ಹಳತು, ನಕಲು ಪತ್ತೆ ಮಾಡುವುದು ಹೇಗೆ

ಟೈರಿನ ವಯಸ್ಸನ್ನು ಮಾರುವವನ ಬಾಯಿಂದ ಕೇಳಬಾರದು, ಅದರ ಪಕ್ಕೆಯಲ್ಲಿ ಓದಬೇಕು. ಸೈಡ್‌ವಾಲ್ ಎಂದು ಅಂಗಡಿಯವರು ಕರೆಯುವ ಆ ಪಕ್ಕೆಯ ಮೇಲೆ ಅಳತೆ, ಹೊರುವ ಭಾರ, ವೇಗದ ಮಿತಿ, ಕಾರ್ಖಾನೆ, ತಯಾರಾದ ವಾರ ಎಲ್ಲವೂ ಅಚ್ಚಾಗಿರುತ್ತವೆ. ಹುಮನಾಬಾದ್ ಮೂಲಕ ಹಾದುಹೋಗುವ ಪುಣೆ–ಹೈದರಾಬಾದ್ ಹೆದ್ದಾರಿಯ ಬದಿಯಲ್ಲಾಗಲಿ, ಕಲಬುರಗಿಯ ವರ್ತುಲ ರಸ್ತೆಯಲ್ಲಾಗಲಿ ಬಳಸಿದ ಟೈರುಗಳ ವ್ಯಾಪಾರ ಈಗ ಬಹುಪಾಲು ಮೊಬೈಲಿನಲ್ಲೇ ಕುದುರುತ್ತದೆ. ನಾಲ್ಕು ಫೋಟೊ, ಒಂದು ಬೆಲೆ, ‘ಕಂಡೀಷನ್ ಚೆನ್ನಾಗಿದೆ’ ಎಂಬ ಒಂದು ಮಾತು. ಆ ನಾಲ್ಕು ಫೋಟೊಗಳೇ ಸಾಕಷ್ಟು ಹೇಳುತ್ತವೆ, ಆದರೆ ಯಾವ ಫೋಟೊ ಬೇಕೆಂದು ನಾವೇ ಹೇಳಬೇಕು.

ಕಲಬುರಗಿಯ ಶಿಕ್ಷಕರೊಬ್ಬರಿಗೆ 2025ರ ಮೇ ತಿಂಗಳಲ್ಲಿ ಬಂದ ಫೋಟೊಗಳನ್ನೇ ಉದಾಹರಣೆಯಾಗಿ ಇಟ್ಟುಕೊಳ್ಳೋಣ. ಸಣ್ಣ ಕಾರಿಗೆ ಬೇಕಾದ 185/65 R15 88H ಅಳತೆಯ ನಾಲ್ಕು ಟೈರು; ‘ಎರಡೇ ವರ್ಷ ಓಡಿದವು’ ಎಂಬುದು ಮಾರುವವನ ಮಾತು. ಅಳತೆಯಲ್ಲಿ ತಕರಾರಿರಲಿಲ್ಲ. 185 ಎಂದರೆ ಅಗಲ ಮಿಲಿಮೀಟರಿನಲ್ಲಿ, 65 ಎಂದರೆ ಆ ಅಗಲದ ಶೇಕಡಾ 65ರಷ್ಟು ಪಕ್ಕೆಯ ಎತ್ತರ, 15 ಎಂದರೆ ಇಂಚಿನಲ್ಲಿ ರಿಮ್. 88 ಎಂದರೆ ಒಂದು ಟೈರು 560 ಕಿಲೋ ಹೊರಬಲ್ಲದು, H ಎಂದರೆ ಗಂಟೆಗೆ 210 ಕಿಲೋಮೀಟರ್ ವೇಗದವರೆಗೆ ಯೋಗ್ಯ. ಕೊನೆಯ ಈ ಎರಡು ಗುರುತು ಕಾರಿನ ಬಾಗಿಲ ಚೌಕಟ್ಟಿನ ಚೀಟಿಯಲ್ಲೋ ಕೈಪಿಡಿಯಲ್ಲೋ ಹೇಳಿದ್ದಕ್ಕಿಂತ ಕಡಿಮೆ ಇರಬಾರದು. ಅಷ್ಟು ಸರಿಯಿದ್ದರೆ ಅಳತೆಯ ವಿಚಾರ ಅಲ್ಲಿಗೆ ಬಿಡಬಹುದು.

ಮೊದಲ ಹೆಜ್ಜೆ, ಸರಿಯಾದ ಫೋಟೊ ಕೇಳುವುದು. ಕಪ್ಪು ರಬ್ಬರಿನ ಮೇಲಿನ ಕಪ್ಪು ಅಕ್ಷರ ನೇರ ಬೆಳಕಿನಲ್ಲಿ ಮಾಯವಾಗುತ್ತದೆ. ಕಲಬುರಗಿಯ ಮಧ್ಯಾಹ್ನದ ಬಿಸಿಲಿನಲ್ಲಂತೂ ಹೇಳುವುದೇ ಬೇಡ. ಟೈರನ್ನು ನೆರಳಿನಲ್ಲಿಟ್ಟು ಟಾರ್ಚನ್ನು ಪಕ್ಕದಿಂದ ಓರೆಯಾಗಿ ಹಿಡಿಯಲು ಹೇಳಿ, ಅಕ್ಷರಗಳ ನೆರಳು ಬಿದ್ದು ಉಬ್ಬು ಕಾಣುತ್ತದೆ. ಇನ್ನೂ ಸುಲಭದ ದಾರಿ ಸೀಮೆಸುಣ್ಣ: ಅಂಕಿಗಳ ಮೇಲೆ ಒಮ್ಮೆ ಉಜ್ಜಿದರೆ ಉಬ್ಬಿದ ಭಾಗ ಬೆಳ್ಳಗಾಗುತ್ತದೆ. ಫೋಟೊವನ್ನು ವಾಟ್ಸ್‌ಆ್ಯಪ್‌ನಲ್ಲಿ ಡಾಕ್ಯುಮೆಂಟ್ ಆಗಿ ಕಳುಹಿಸಲು ಹೇಳಬೇಕು. ಮಾಮೂಲಿಯಾಗಿ ಕಳುಹಿಸಿದರೆ ಚಿತ್ರ ಕುಗ್ಗಿ 3, 6, 8 ಎಲ್ಲವೂ ಒಂದೇ ತರಹ ಕಾಣುತ್ತವೆ. ಪ್ರತಿ ಟೈರಿನ ಎರಡೂ ಪಕ್ಕೆ, ರಸ್ತೆಗೆ ತಾಗಿ ಓಡುವ ಮೈ, ಆ ಮೈ ಪಕ್ಕೆಗೆ ತಿರುಗುವ ಅಂಚಾದ ಭುಜ, ಮತ್ತು ಒಳಭಾಗ, ಇಷ್ಟು ಬೇಕು. ಟೈರ್ ಪಾಲಿಶ್ ಹಚ್ಚಿ ಮಿರಮಿರ ಮಿಂಚಿಸಿದ್ದರೆ ಒದ್ದೆ ಬಟ್ಟೆಯಿಂದ ಒರೆಸಿ ಮತ್ತೆ ತೆಗೆಯಲು ಹೇಳಿ. ತೆಳುವಾಗಿ ಕಂದು ತಿರುಗಿದ ಟೈರನ್ನು ನೋಡಿ ಹೆದರಬೇಕಿಲ್ಲ. ರಬ್ಬರನ್ನು ಓಝೋನ್‌ನಿಂದ ಕಾಯಲು ಬೆರೆಸಿದ ರಾಸಾಯನಿಕ ಮೇಲೆ ಬಂದಾಗ ಆ ಬಣ್ಣ ಬರುತ್ತದೆ. ನನ್ನ ಅನುಮಾನ ಯಾವಾಗಲೂ ಅತಿಯಾಗಿ ಕಪ್ಪಗಿರುವ ಟೈರಿನ ಮೇಲೆಯೇ.

ಎರಡನೆಯ ಹೆಜ್ಜೆ, ತಾರೀಖು. ಪಕ್ಕೆಯ ಮೇಲೆ DOT ಎಂಬ ಅಕ್ಷರಗಳನ್ನು ಹುಡುಕಿ. ಅದರ ಮುಂದೆ ಕಾರ್ಖಾನೆಯ ಸಂಕೇತ, ಅಳತೆಯ ಸಂಕೇತ ಇತ್ಯಾದಿ ಸಾಲಾಗಿ ಬಂದು, ಕೊನೆಯಲ್ಲಿ ನಾಲ್ಕು ಅಂಕಿಗಳಿರುತ್ತವೆ. ನಮಗೆ ಬೇಕಾದದ್ದು ಅದೇ. ಮೊದಲ ಎರಡು ಅಂಕಿ ವಾರವನ್ನು, ನಂತರದ ಎರಡು ಅಂಕಿ ವರ್ಷವನ್ನು ಹೇಳುತ್ತವೆ. DOT ಅಮೆರಿಕದ ಸಾರಿಗೆ ಇಲಾಖೆಯ ಗುರುತು. ಇಲ್ಲಿಯೇ ಮಾರಲು ತಯಾರಿಸಿದ ಕೆಲವು ಟೈರುಗಳಲ್ಲಿ ಅದು ಇರದೆ ನಾಲ್ಕಂಕಿ ಮಾತ್ರ ಇರಬಹುದು, ಅದರಿಂದ ಟೈರು ನಕಲಿ ಆಗುವುದಿಲ್ಲ. ವಾರವನ್ನು ತಿಂಗಳಿಗೆ ತಿರುಗಿಸಲು ವರ್ಷವನ್ನು ಹದಿಮೂರು ವಾರಗಳ ನಾಲ್ಕು ಪಾಲು ಮಾಡಿಕೊಳ್ಳಿ. ಶಿಕ್ಷಕರಿಗೆ ಬಂದ ಮೊದಲ ಎರಡು ಟೈರಿನ ಕೊನೆಯಲ್ಲಿ 2319 ಇತ್ತು. 23 ಎರಡನೆಯ ಪಾಲಿನ ಕೊನೆಯ ಭಾಗ, ಅಂದರೆ 2019ರ ಜೂನ್ ಆರಂಭ. ಎರಡು ವರ್ಷ ಓಡಿದ್ದು ಸುಳ್ಳಲ್ಲದಿರಬಹುದು. ಗೋದಾಮಿನಲ್ಲೋ ಮನೆಯಂಗಳದಲ್ಲೋ ಕೂತ ವರ್ಷಗಳನ್ನು ಆತ ಲೆಕ್ಕಕ್ಕೆ ಹಿಡಿದಿಲ್ಲ. ರಬ್ಬರು ಮಾತ್ರ ಹಿಡಿದಿದೆ. ಆಮ್ಲಜನಕ ಮತ್ತು ಶಾಖ ಅದನ್ನು ನಿಂತಲ್ಲಿಯೇ ಗಡುಸು ಮಾಡುತ್ತವೆ, ಬೇಸಿಗೆಯಲ್ಲಿ ನಲವತ್ತು ಡಿಗ್ರಿ ದಾಟುವ ನಮ್ಮ ಭಾಗದಲ್ಲಿ ಇನ್ನೂ ಬೇಗ. ಹಲವು ಕಾರು ತಯಾರಕರು ಆರು ವರ್ಷಕ್ಕೆ ಟೈರು ಬದಲಿಸಿ ಎನ್ನುತ್ತಾರೆ; ಟೈರು ತಯಾರಕರಲ್ಲಿ ಹಲವರು ಐದು ವರ್ಷದ ನಂತರ ಪ್ರತಿವರ್ಷ ತಪಾಸಣೆ, ಹತ್ತು ವರ್ಷಕ್ಕೆ ಕಡ್ಡಾಯ ವಿದಾಯ ಎನ್ನುತ್ತಾರೆ. ಹಾಗಾಗಿ ಆ ಎರಡು ಟೈರು ಫೋಟೊ ಬಂದ ದಿನವೇ ಆರರ ಹೊಸ್ತಿಲಲ್ಲಿದ್ದವು.

ಮೂರನೆಯ ಟೈರಿನ ಫೋಟೊದಲ್ಲಿ DOT ಇತ್ತು, ನಾಲ್ಕಂಕಿ ಇರಲಿಲ್ಲ. ಇದು ಮೋಸದ ಲಕ್ಷಣವಲ್ಲ. ಪೂರ್ತಿ ಸಂಕೇತ ಎಷ್ಟೋ ಟೈರುಗಳಲ್ಲಿ ಒಂದೇ ಪಕ್ಕೆಯ ಮೇಲಿರುತ್ತದೆ, ಇನ್ನೊಂದರ ಮೇಲೆ ತಾರೀಖಿಲ್ಲದ ಅರ್ಧ ಸಂಕೇತ. ಇನ್ನೊಂದು ಪಕ್ಕೆಯ ಫೋಟೊ ಕೇಳಿದಾಗ ಅಲ್ಲೂ 2319 ಸಿಕ್ಕಿತು. ಕೇಳಿದ ಮೇಲೂ ಕಳುಹಿಸಲು ಹಿಂದೇಟು ಹಾಕಿದ್ದರೆ ಅಲ್ಲಿಗೇ ವ್ಯಾಪಾರ ನಿಲ್ಲಿಸಬಹುದಿತ್ತು.

ನಾಲ್ಕನೆಯ ಟೈರಿನಲ್ಲಿತ್ತು ಕಸರತ್ತು. ಸಂಕೇತದ ಕೊನೆಯಲ್ಲಿ 4422, ಅಂದರೆ 2022ರ ಅಕ್ಟೋಬರ್ ಕೊನೆ ಅಥವಾ ನವೆಂಬರ್ ಆರಂಭ. ನಾಲ್ಕರಲ್ಲಿ ಅದೇ ‘ಹೊಸದು’, ಮೈಯ ಮೇಲಿನ ಗೆರೆಗಳೂ ಆಳ. ಆದರೆ ಮೊದಲ ಟೈರಿನ ಫೋಟೊವನ್ನು ಪಕ್ಕದಲ್ಲಿಟ್ಟು ನೋಡಿದರೆ ವ್ಯತ್ಯಾಸ ಕಾಣುತ್ತಿತ್ತು. ವಾರ ಬದಲಾದಂತೆ ಕಾರ್ಖಾನೆಯಲ್ಲಿ ಅಚ್ಚಿನೊಳಗಿನ ಸಣ್ಣ ತಗಡನ್ನು ಮಾತ್ರ ಬದಲಿಸುತ್ತಾರೆ. ಹಾಗಾಗಿ ಸಾಮಾನ್ಯವಾಗಿ ಆ ನಾಲ್ಕಂಕಿಯ ಸುತ್ತ ತೆಳುವಾದ ಚೌಕಟ್ಟು, ಹೆಚ್ಚಾಗಿ ಅಂಡಾಕಾರದ್ದು, ಉಳಿಯುತ್ತದೆ. ಮೊದಲ ಮೂರರಲ್ಲಿ ಅದು ಇತ್ತು. ನಾಲ್ಕನೆಯದರಲ್ಲಿ ಚೌಕಟ್ಟು ಅಳಿಸಿ, ಸುತ್ತಲಿನ ರಬ್ಬರು ಉಜ್ಜಿದಂತೆ ನುಣುಪಾಗಿತ್ತು. ಅಂಕಿಗಳು ಅಚ್ಚಿನಲ್ಲಿ ಉಬ್ಬದೆ ಕಾದ ಕಬ್ಬಿಣದಿಂದ ಒತ್ತಿದಂತೆ ತಗ್ಗಾಗಿದ್ದವು. ಅವಸರದಲ್ಲಿ ಒತ್ತಿದವರು ಕೆಲವೊಮ್ಮೆ 6222 ಎಂಬಂಥ ತಾರೀಖನ್ನೂ ಬರೆದುಬಿಡುತ್ತಾರೆ. ವರ್ಷಕ್ಕೆ 53ಕ್ಕಿಂತ ಹೆಚ್ಚು ವಾರವಿರುವುದಿಲ್ಲ ಎಂಬ ಸರಳ ಲೆಕ್ಕವೇ ಅವರನ್ನು ಹಿಡಿದುಕೊಡುತ್ತದೆ.

ಮೂರನೆಯ ಹೆಜ್ಜೆ, ರೀಟ್ರೆಡ್ ಪತ್ತೆ. ತೊಗರಿ ಚೀಲ, ಶಹಾಬಾದ್ ಕಲ್ಲು ಹೊರುವ ಲಾರಿಗಳಿಗೆ ಸವೆದ ಟೈರಿಗೆ ಹೊಸ ರಬ್ಬರು ಏರಿಸುವುದು ಚಪ್ಪಲಿಗೆ ಹೊಸ ಅಟ್ಟೆ ಹೊಡೆಸಿದಂತೆ. ಬಹಳ ಹಳೆಯ, ಪ್ರಾಮಾಣಿಕ ಕಸುಬು. ರೀಟ್ರೆಡ್ ಎಂದು ಹೇಳಿ ಮಾರಿದರೆ ತಪ್ಪೇನಿಲ್ಲ. ತಪ್ಪಿರುವುದು ಕಾರಿನ ಟೈರಿಗೆ ಅದನ್ನು ಮಾಡಿ ಹೊಸದೆಂದು ಕೊಡುವುದರಲ್ಲಿ. ಭುಜದ ಫೋಟೊವನ್ನು ಹಿಗ್ಗಿಸಿ ನೋಡಿ. ಓಡುವ ಮೈ ಮುಗಿದು ಪಕ್ಕೆ ಆರಂಭವಾಗುವಲ್ಲಿ ಸುತ್ತಲೂ ಒಂದು ಜೋಡಣೆಯ ಗೆರೆ, ಕೆಲವೊಮ್ಮೆ ಉಜ್ಜಿದ ಗೀರುಗಳು, ಮೇಲೆ ಕಡುಗಪ್ಪು ಕೆಳಗೆ ಬೂದುಗಪ್ಪು ಎಂಬ ಬಣ್ಣದ ವ್ಯತ್ಯಾಸ ಕಂಡರೆ ರಬ್ಬರು ಏರಿಸಲಾಗಿದೆ. ನಾಲ್ಕನೆಯ ಟೈರಿನಲ್ಲಿ ಆ ಗೆರೆ ಸ್ಪಷ್ಟವಿತ್ತು, ಪಕ್ಕೆಯ ಅಕ್ಷರಗಳ ನಡುವೆ ಕೂದಲೆಳೆ ಬಿರುಕುಗಳೂ ಇದ್ದವು. ಹೊಸ ಮೈ, ಮುದಿ ಪಕ್ಕೆ. ‘ನೋಡಿ ಸರ್, ಮೇಲೆ ರಬ್ಬರಿನ ಕೂದಲೂ ಹೋಗಿಲ್ಲ’ ಎಂದು ಮಾರುವವನು ಒತ್ತಿ ಹೇಳಿದ್ದ. ಆ ಕೂದಲು ಅಚ್ಚಿನ ಗಾಳಿರಂಧ್ರದಲ್ಲಿ ಮೂಡುವುದು. ರೀಟ್ರೆಡ್ ಅಚ್ಚಿನಲ್ಲೂ ಮೂಡಬಹುದು. ಅದು ಸಾಕ್ಷಿಯಲ್ಲ.

ಇದಕ್ಕಿಂತ ಗಟ್ಟಿ ಪರೀಕ್ಷೆ TWI, ಅಂದರೆ ಟೈರಿನ ಸವೆತ ತೋರಿಸುವ ಗುರುತು. ಭುಜದ ಹತ್ತಿರ TWI ಎಂಬ ಅಕ್ಷರ ಅಥವಾ ಸಣ್ಣ ತ್ರಿಕೋನ ಹಲವು ಕಡೆ ಇರುತ್ತದೆ. ಅಲ್ಲಿಂದ ನೇರವಾಗಿ ಮೈಯ ಮೇಲೆ ಕಣ್ಣು ಹಾಯಿಸಿದರೆ ಉದ್ದ ಕಾಲುವೆಗಳ ತಳದಲ್ಲಿ ಅಡ್ಡಲಾಗಿ ಒಂದು ದಿಣ್ಣೆ ಸಿಗಬೇಕು. ಕಾರಿನ ಟೈರಿನಲ್ಲಿ ಅದರ ಎತ್ತರ 1.6 ಮಿಲಿಮೀಟರ್, ಮೈ ಸವೆದು ದಿಣ್ಣೆಗೆ ಸಮವಾದರೆ ಟೈರು ಮುಗಿಯಿತು. ಗುರುತು ಒಂದು ಕಡೆ, ದಿಣ್ಣೆ ಇನ್ನೊಂದು ಕಡೆ ಇದ್ದರೆ ಆ ಮೈ ಆ ಪಕ್ಕೆಯದಲ್ಲ. ನಾಲ್ಕನೆಯ ಟೈರಿನ ಗುರುತಿನ ಎದುರು ದಿಣ್ಣೆಯೇ ಇರಲಿಲ್ಲ. ಇನ್ನೊಂದು ಬಗೆಯ ವಂಚನೆಯೂ ಇಲ್ಲಿಯೇ ಸಿಕ್ಕಿಬೀಳುತ್ತದೆ: ಸವೆದ ಟೈರಿಗೆ ಬಿಸಿ ಬ್ಲೇಡಿನಿಂದ ಹೊಸ ಕಾಲುವೆ ಕೊರೆಯುವುದು. ಆಗ ದಿಣ್ಣೆಯ ನಡುವೆ ಕೊಯ್ದ ಸಂದು, ಅಂಕುಡೊಂಕಾದ ಅಂಚು ಕಾಣುತ್ತದೆ. ಇದು ರೀಟ್ರೆಡ್‌ಗಿಂತ ಅಪಾಯ, ಏಕೆಂದರೆ ಬ್ಲೇಡು ತಿನ್ನುವುದು ಒಳಗಿನ ಉಕ್ಕಿನ ಪದರವನ್ನು ಕಾಯುವ ರಬ್ಬರನ್ನೇ. ಪಕ್ಕೆಯ ಮೇಲೆ REGROOVABLE ಎಂದು ಬರೆದ ಲಾರಿ, ಬಸ್ ಟೈರುಗಳಿಗೆ ಮಾತ್ರ ಹಾಗೆ ಕೊರೆಯಲು ಸಾಕಷ್ಟು ದಪ್ಪ ಇಟ್ಟಿರುತ್ತಾರೆ.

ನಾಲ್ಕನೆಯ ಹೆಜ್ಜೆ, ನಕಲಿ ಕಂಪನಿಯ ಟೈರಿನ ಪತ್ತೆ. ಭಾರತದಲ್ಲಿ ವಾಹನದ ಟೈರುಗಳಿಗೆ ಐಎಸ್‌ಐ ಮುದ್ರೆ ಕಡ್ಡಾಯ. ಮುದ್ರೆಯ ಜೊತೆಗಿನ ಅಂಕಿಗಳನ್ನು ಓದಿ: ಕಾರಿನ ಟೈರಿಗೆ IS 15633, ಲಾರಿ ಮತ್ತು ಬಸ್ಸಿನದಕ್ಕೆ IS 15636, ದ್ವಿಚಕ್ರ, ತ್ರಿಚಕ್ರದ್ದಕ್ಕೆ IS 15627. ಕಾರಿನ ಟೈರಿನ ಮೇಲೆ ಬೈಕಿನ ಸಂಖ್ಯೆ ಇದ್ದರೆ ಹೆಚ್ಚು ಯೋಚಿಸಬೇಕಾಗಿಲ್ಲ. CM/L ಎಂದು ಆರಂಭವಾಗುವುದು ಪರವಾನಗಿ ಸಂಖ್ಯೆ. BIS Care ಆ್ಯಪ್‌ನಲ್ಲಿ Verify Licence Details ಒತ್ತಿ ಅದನ್ನು ಹಾಕಿದರೆ ಪರವಾನಗಿ ಪಡೆದವರ ಹೆಸರು, ವಿಳಾಸ ತೆರೆದುಕೊಳ್ಳುತ್ತದೆ. ಟೈರಿನ ಮೇಲೆ ಒಂದು ಹೆಸರು, ಆ್ಯಪ್‌ನಲ್ಲಿ ಸಂಬಂಧವಿಲ್ಲದ ಇನ್ನೊಂದು ಹೆಸರು ಬಂದರೆ ದೂರವಿರಿ. ಮುದ್ರೆ ಇದೆ, ಸಂಖ್ಯೆ ಇಲ್ಲ ಎಂದರೂ ಅಷ್ಟೇ. ಹಾಗೆಂದು ಸಂಖ್ಯೆ ಸರಿಯಿದ್ದ ಮಾತ್ರಕ್ಕೆ ಟೈರು ಅಸಲಿ ಎನ್ನುವಂತಿಲ್ಲ. ಅಚ್ಚು ಮಾಡಬಲ್ಲವನು ನಿಜವಾದ ಸಂಖ್ಯೆಯನ್ನೂ ನಕಲು ಮಾಡಬಲ್ಲ.

ಹೊರಗಿನ ಫೋಟೊಗಳು ಹೇಳದ ಸಂಗತಿಯೂ ಇದೆ. ಗಾಳಿ ಕಡಿಮೆ ಇದ್ದಾಗ ಓಡಿಸಿ ಒಳಪದರ ಸುಟ್ಟಿದ್ದು, ಉಕ್ಕಿನ ಪದರ ಬಿಟ್ಟುಕೊಂಡಿದ್ದು, ರಿಮ್ ಹಿಡಿಯುವ ಅಂಚು ಹರಿದದ್ದು ಹೊರಗಿನಿಂದ ಕಾಣದು. ಒಳಗಿನ ಫೋಟೊ ಸ್ವಲ್ಪ ನೆರವಾಗುತ್ತದೆ: ಒಳಪಕ್ಕೆಯಲ್ಲಿ ಸುತ್ತಲೂ ಸುಕ್ಕಿನ ಪಟ್ಟಿ, ಕೆಳಗೆ ಉದುರಿದ ರಬ್ಬರಿನ ಪುಡಿ ಇದ್ದರೆ ಅದು ಗಾಳಿಯಿಲ್ಲದೆ ಓಡಿದ ಟೈರು. ಪಂಕ್ಚರ್ ತೇಪೆ ಮೈಯ ನಡುಭಾಗದಲ್ಲಿದ್ದರೆ ಪರವಾಗಿಲ್ಲ. ಭುಜದಲ್ಲೋ ಪಕ್ಕೆಯಲ್ಲೋ ಇದ್ದರೆ ಬೇಡ, ಅಲ್ಲಿ ರಬ್ಬರು ಪ್ರತಿ ಸುತ್ತಿಗೂ ಬಾಗುವುದರಿಂದ ತೇಪೆ ನಿಲ್ಲುವುದಿಲ್ಲ. ಶಿಕ್ಷಕರ ಮೂರನೆಯ ಟೈರಿನ ಭುಜದಲ್ಲಿ ಅಂಥದೇ ತೇಪೆ ಕಂಡಿತು. ಉಳಿದವು ಆರು ವರ್ಷ ಸಮೀಪಿಸಿದ ಎರಡು. ಅವನ್ನು ಊರೊಳಗೆ ನಿಧಾನವಾಗಿ ಓಡಿಸಬಹುದಿತ್ತೇನೋ, ಆದರೆ ಅವರ ಕಾರು ತಿಂಗಳಿಗೊಮ್ಮೆ ಹೈದರಾಬಾದಿಗೆ ಹೋಗಿ ಬರುತ್ತದೆ. ಅವರು ಸೆಟ್ ಬೇಡವೆಂದು ತಿಳಿಸಿ, ಮುಂದಿನ ತಿಂಗಳ ಸಂಬಳದಲ್ಲಿ ಅಂಗಡಿಯಿಂದ ಎರಡು ಹೊಸ ಟೈರು ಕೊಂಡರು. ಅವುಗಳ ನಾಲ್ಕಂಕಿಯನ್ನೂ ರಿಮ್‌ಗೆ ಏರಿಸುವ ಮೊದಲೇ ಓದಿದರು.