'ಈ ಕೆಲಸಕ್ಕೆ ನಿಮ್ಮ ಅನುಭವ ಜಾಸ್ತಿ ಆಯ್ತು' ಅಂದಾಗ ನಾನು ಕೊಟ್ಟ ಉತ್ತರ

14 ವರ್ಷದ ಅನುಭವ, ಕೊನೆಯ 5 ವರ್ಷ ಟೀಮ್ ಲೀಡ್. ಮತ್ತೆ ಸಾಫ್ಟ್‌ವೇರ್ ಟೆಸ್ಟಿಂಗ್ ಕೆಲಸಕ್ಕೇ ಅರ್ಜಿ ಹಾಕಿದರೆ ಮೂರು ಇಂಟರ್‌ವ್ಯೂನಲ್ಲೂ ಇದೇ ಮಾತು.

'ಪರವಾಗಿಲ್ಲ ಸರ್, ಯಾವ ಕೆಲಸ ಆದ್ರೂ ಮಾಡ್ತೀನಿ' ಅಂದೆ, ಗತಿಯಿಲ್ಲದೆ ಬಂದವನ ಹಾಗೆ ಕೇಳಿಸಿತು. ಕೇಳುವ ಮೊದಲೇ ಸಂಬಳ ಇಳಿಸಿದೆ, ಅನುಮಾನ ಇನ್ನೂ ಹೆಚ್ಚಿತು. ರೆಸ್ಯೂಮೆಯಿಂದ ಲೀಡ್ ಹುದ್ದೆ ತೆಗೆದೆ, ಆ 5 ವರ್ಷ ಏನು ಮಾಡ್ತಿದ್ರಿ ಅಂತ ಕೇಳಿದರು.

ನಾಲ್ಕನೇ ಸಲ ಉತ್ತರ ಕೊಡುವ ಬದಲು ಪ್ರಶ್ನೆ ಕೇಳಿದೆ: 'ನಿಮ್ಮ ಅಳುಕು ಯಾವುದು ಮೇಡಂ? ನಾನು ಬೇಗ ಬಿಟ್ಟು ಹೋಗ್ತೀನಿ ಅಂತಲಾ, ಸಂಬಳದ್ದಾ, ಇಲ್ಲಾ ನನಗಿಂತ ಚಿಕ್ಕವರ ಕೈಕೆಳಗೆ ಹೊಂದಿಕೊಳ್ಳಲ್ಲ ಅಂತಲಾ?' ಕೇಳಿ ಸುಮ್ನಾದೆ. ಇಲ್ಲಿ ಬಾಯಿ ಬಿಡಬಾರದು.

'ಆರು ತಿಂಗಳಿಗೆ ಬೇಜಾರಾಗುತ್ತೆ ನಿಮಗೆ' ಅಂದರು. ಅದೊಂದಕ್ಕೇ ಉತ್ತರಿಸಿದೆ, ಉಳಿದೆರಡನ್ನು ಮುಟ್ಟಲಿಲ್ಲ. 'ಲೀಡ್ ಆಗಿದ್ದಾಗ ದಿನದಲ್ಲಿ ಆರು ಗಂಟೆ ಮೀಟಿಂಗ್. ಆದ್ರೂ ಕಳೆದ ವರ್ಷ ರಿಗ್ರೆಷನ್ ಸ್ಕ್ರಿಪ್ಟ್‌ಗಳನ್ನ ನಾನೇ ಕೂತು ಬರೆದೆ. ನನಗೆ ಬೇಕಿರೋದು ಆ ಕೆಲಸ.' ಆಮೇಲೆ, 'ಮೊದಲ ಮೂರು ತಿಂಗಳಲ್ಲಿ ಯಾವ ಕೆಲಸ ಮುಗಿಸಿದ್ರೆ ನಿಮಗೆ ಸಮಾಧಾನ?' ಅಂದೆ. ಮಾತು ಅವರ ಟೆಸ್ಟ್ ಸೂಟ್ ಕಡೆ ತಿರುಗಿತು. ಎರಡನೇ ಸುತ್ತಿಗೆ ಕರೆದರು, ಕೆಲಸ ಸಿಕ್ಕಿತು.

ಅಳುಕು ಸಂಬಳದ್ದೇ ಆಗಿದ್ದರೆ ಮಾತ್ರ ಅವರ ಮಿತಿ ಎಷ್ಟು ಅಂತ ನೇರವಾಗಿ ಕೇಳಿ. ಅದು ನಿಮಗೆ ಸಾಲದಿದ್ದರೆ ಈ ಉಪಾಯ ನಡೆಯಲ್ಲ.